ಹಳೇ ಮಾಳಿಗೆ ಮನೆಗೆ ಹೊಸ ವಯರಿಂಗು: ಪಾಯಿಂಟ್ ಎಣಿಸಿದರೆ ಸಾಲದು, ತಂತಿ ಅಳೆಯಿರಿ

ಹಳೇ ಮನೆಗೆ ಹೊಸದಾಗಿ ವಯರಿಂಗ್ ಮಾಡಿಸಬೇಕು ಅಂತ ಯಾರನ್ನು ಕೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: 'ಎಷ್ಟು ಪಾಯಿಂಟು?' ಇಷ್ಟು ಅಂದರೆ, ಪಾಯಿಂಟಿಗೆ ಇಷ್ಟು ರೂಪಾಯಿ ಅಂತ ಗುಣಿಸಿ ಮೊತ್ತ ಹೇಳುತ್ತಾರೆ. ಲೆಕ್ಕ ಸುಲಭ, ನೆನಪಿನಲ್ಲೂ ಇರುತ್ತದೆ. ಆದರೆ ನಮ್ಮ ಚಿಗಟೇರಿ ಕಡೆಯ ಮಾಳಿಗೆ ಮನೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಇವು ಅಗಲ ಕಮ್ಮಿ, ಉದ್ದ ಜಾಸ್ತಿ ಇರುವ ಮನೆಗಳು. ಮೀಟರು ಮುಂದಿನ ಬಾಗಿಲ ಹತ್ತಿರ, ಅಡುಗೆ ಮನೆ, ಬಚ್ಚಲು, ದನದ ಕೊಟ್ಟಿಗೆ ಹಿಂದೆ. ಪಾಯಿಂಟು ಕಮ್ಮಿ, ತಂತಿ ಬಹಳ. ನಮ್ಮ ಮನೆಯನ್ನು ಅಳೆದು ಲೆಕ್ಕ ಹಾಕಿದಾಗ ಒಟ್ಟು ತಂತಿಯಲ್ಲಿ ನೂರಕ್ಕೆ 60 ಪಾಲು ಯಾವ ಪಾಯಿಂಟಿನ ಲೆಕ್ಕಕ್ಕೂ ಸೇರದ ತಂತಿಯಾಗಿತ್ತು. ಆ ಲೆಕ್ಕ ಹಾಕುವ ಬಗೆಯನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದಕ್ಕೆ ಕರೆಂಟಿನ ಕೆಲಸ ಗೊತ್ತಿರಬೇಕಿಲ್ಲ. ಒಂದು ಹಗ್ಗ, ಒಂದು ಟೇಪು, ಒಂದು ನೋಟ್‌ಬುಕ್ಕು ಸಾಕು.

ಪೂರಾ ಬದಲಿಸಬೇಕೇ?

ನಮ್ಮ ಕಡೆ ಹಳೇ ವಯರಿಂಗ್ ಅಂದರೆ ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಬಡಿದು ಕೂರಿಸಿದ ತಂತಿ. ಕೆಲವು ಮನೆಗಳಲ್ಲಿ ಭಾಗ್ಯಜ್ಯೋತಿಯ ಒಂದು ಬಲ್ಬಿಗೆಂದು ಬಂದ ತಂತಿಗೇ ಒಂದೊಂದಾಗಿ ಜೋಡಿಸುತ್ತಾ ಹೋಗಿ ಫ್ಯಾನು, ಟೀವಿ, ಮಿಕ್ಸಿ ಎಲ್ಲಾ ನಡೆಯುತ್ತಿವೆ. ಇಂಥ ವಯರಿಂಗಿನಲ್ಲಿ ಮೂರು ಸಂಗತಿ ನೋಡಿ. ಮೇನ್ ಆಫ್ ಮಾಡಿಸಿ, ಒಂದು ಸ್ವಿಚ್ ಬೋರ್ಡು ಬಿಚ್ಚಿಸಿ, ತಂತಿಯ ತುದಿಯನ್ನು ಬಗ್ಗಿಸಿ ನೋಡಿಸಿ. ಮೇಲಿನ ರಬ್ಬರು ಬಿರುಕು ಬಿಟ್ಟು ಉದುರಿದರೆ ಅದಕ್ಕೆ ಆಯುಸ್ಸು ಮುಗಿದಿದೆ. ಬೋರ್ಡಿಗೆ ಎರಡೇ ತಂತಿ ಬಂದಿದ್ದರೆ ಅರ್ತಿಂಗ್ ಇಲ್ಲ ಅಂತ ಅರ್ಥ. ಒಳಗಿನ ತಂತಿ ಬೆಳ್ಳಗಿದ್ದರೆ ಅದು ಬಹುತೇಕ ಅಲ್ಯೂಮಿನಿಯಂ, ತಾಮ್ರದ ತಂತಿಯ ಜೊತೆ ಅದನ್ನು ತಿರುವಿ ಕಟ್ಟಿದ ಜಾಗ ಬಿಸಿಯಾಗಿ ಸುಡುತ್ತದೆ.

ಇನ್ನೊಂದು ಪರೀಕ್ಷೆ ಮೀಟರಿನದು. ಎಲ್ಲಾ ಸ್ವಿಚ್ ಆಫ್ ಮಾಡಿ, ಎಲ್ಲಾ ಪ್ಲಗ್ ಕಿತ್ತು, ಮೇನ್ ಮಾತ್ರ ಆನ್ ಇಟ್ಟು, ಮೀಟರಿನ ಕೆಂಪು ದೀಪವನ್ನು ಹತ್ತು ಹದಿನೈದು ನಿಮಿಷ ನೋಡಿ. ಅದು ಆಗಾಗ ಮಿಣುಕುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ. ಮಳೆಗಾಲದಲ್ಲಿ ಮಾಳಿಗೆ ಸೋರಿ ಗೋಡೆ ನೆನೆದಾಗ ಈ ಪರೀಕ್ಷೆ ಮಾಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲು ಬರುವ ಮನೆಗಳಲ್ಲಿ ಯೂನಿಟ್ ನೋಡುವುದನ್ನೇ ಬಿಟ್ಟಿದ್ದೇವೆ. ಹಾಗಾಗಿ ಸೋರಿಕೆ ಬಿಲ್ಲಿನಿಂದ ಗೊತ್ತಾಗುವುದಿಲ್ಲ, ಹಸಿ ಗೋಡೆ ಮುಟ್ಟಿ ಜುಮ್ಮೆಂದಾಗಲೇ ಗೊತ್ತಾಗುವುದು. ಈ ಲಕ್ಷಣ ಕಂಡರೆ ಅಲ್ಲೊಂದು ಇಲ್ಲೊಂದು ತಂತಿ ಬದಲಿಸಿ ಪ್ರಯೋಜನವಿಲ್ಲ, ಪೂರಾ ತೆಗೆಯಬೇಕು.

ಪಾಯಿಂಟು ಅಂದರೆ ಏನೇನು?

ಮಾತು ಕೆಡುವುದೇ ಇಲ್ಲಿ. ಸರ್ಕಾರಿ ಕಟ್ಟಡಗಳ ಲೆಕ್ಕದಲ್ಲಿ ಲೈಟ್ ಪಾಯಿಂಟ್ ಅಂದರೆ ಸ್ವಿಚ್ ಬೋರ್ಡಿನಿಂದ ಆ ದೀಪದವರೆಗಿನ ತಂತಿ, ಪೈಪು ಮತ್ತು ಅದರ ಸ್ವಿಚ್ಚು. ಮೇನ್ ಇರುವ ಡಿ.ಬಿ. ಬಾಕ್ಸಿನಿಂದ ಸ್ವಿಚ್ ಬೋರ್ಡಿನವರೆಗಿನ ತಂತಿಗೆ ಸರ್ಕ್ಯೂಟ್ ತಂತಿ ಅಂತ ಹೆಸರು. ಅದನ್ನು ಪಾಯಿಂಟಿಗೆ ಸೇರಿಸುವುದಿಲ್ಲ, ಮೀಟರ್ ಲೆಕ್ಕದಲ್ಲಿ ಬೇರೆ ಅಳೆಯುತ್ತಾರೆ. ಹಳ್ಳಿಯಲ್ಲಿ ಒಬ್ಬರು ಎರಡನ್ನೂ ಸೇರಿಸಿ ಪಾಯಿಂಟ್ ಅನ್ನುತ್ತಾರೆ, ಇನ್ನೊಬ್ಬರು ಬೇರೆ ಅನ್ನುತ್ತಾರೆ. ಸಾಕೆಟ್ಟಿಗೆ ಅರ್ಧ ಪಾಯಿಂಟ್ ಹಿಡಿಯುವವರೂ ಇದ್ದಾರೆ, ಪೂರಾ ಹಿಡಿಯುವವರೂ ಇದ್ದಾರೆ. ಆದ್ದರಿಂದ ದರ ಕೇಳುವ ಮುಂಚೆ 'ನಿಮ್ಮ ಪಾಯಿಂಟಿನಲ್ಲಿ ಏನೇನು ಬರ್ತೈತಿ?' ಅಂತ ಕೇಳಿ, ಅದನ್ನು ಬರೆದಿಟ್ಟುಕೊಳ್ಳಿ.

ಸಾಮಾನಿನ ಲೆಕ್ಕಕ್ಕೆ ನಾವು ಮಾತ್ರ ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಮೊದಲು ಪಾಯಿಂಟಿನ ಪಟ್ಟಿ

ನಮ್ಮದು ಮಣ್ಣಿನ ಗೋಡೆಯ ಮಾಳಿಗೆ ಮನೆ. ಅಗಲ 24 ಅಡಿ, ಮುಂದಿನ ಕಟ್ಟೆಯಿಂದ ಅಡುಗೆ ಮನೆಯ ಹಿಂದಿನ ಗೋಡೆಯವರೆಗೆ 54 ಅಡಿ. ಬಚ್ಚಲೂ ಕೊಟ್ಟಿಗೆಯೂ ಅದರಾಚೆ ಹಿತ್ತಲಲ್ಲಿ. ಪ್ರತಿ ಕೋಣೆಯಲ್ಲಿ ನಿಂತು, ಬೋರ್ಡು ಎಲ್ಲಿ ಬರಬೇಕು, ಅದಕ್ಕೆ ಏನೇನು ಅಂತ ಬರೆದುಕೊಂಡೆ.

ಪಡಸಾಲೆ: ಕಟ್ಟೆಯದೂ ಸೇರಿ ದೀಪ 3, ಫ್ಯಾನು 1, ಸಣ್ಣ ಸಾಕೆಟ್ 2.
ನಡುಮನೆ: ದೇವರ ಮನೆಯದೂ ಸೇರಿ ದೀಪ 3, ಫ್ಯಾನು 1, ಸಣ್ಣ ಸಾಕೆಟ್ 1.
ಕೋಣೆ: ದೀಪ 1, ಫ್ಯಾನು 1, ಸಣ್ಣ ಸಾಕೆಟ್ 1.
ಅಡುಗೆ ಮನೆ: ದೀಪ 1, ಮಿಕ್ಸಿಗೂ ಫ್ರಿಜ್ಜಿಗೂ ಸಣ್ಣ ಸಾಕೆಟ್ 2, ದೊಡ್ಡ ಸಾಕೆಟ್ 1.
ಬಚ್ಚಲು: ಪಾಯಿಖಾನೆಯದೂ ಸೇರಿ ದೀಪ 2, ಗೀಸರಿಗೆ ದೊಡ್ಡ ಸಾಕೆಟ್ 1. ಬೋರ್ಡು ಬಚ್ಚಲಿನ ಹೊರಗೆ.
ದನದ ಕೊಟ್ಟಿಗೆ: ದೀಪ 2, ಮೇವು ಕತ್ತರಿಸುವ ಯಂತ್ರಕ್ಕೆ ದೊಡ್ಡ ಸಾಕೆಟ್ 1.

ಸಣ್ಣದು ಅಂದರೆ 6 ಆಂಪಿಯರಿನದು, ದೊಡ್ಡದು 16 ಆಂಪಿಯರಿನದು. ಕೂಡಿದರೆ ದೀಪ 12, ಫ್ಯಾನು 3, ಸಣ್ಣ ಸಾಕೆಟ್ 6, ದೊಡ್ಡದು 3. ಒಟ್ಟು 24 ಪಾಯಿಂಟು, 6 ಬೋರ್ಡು.

ಈ 24ನ್ನು ಗುಂಪು ಮಾಡಬೇಕು. ದೀಪ, ಫ್ಯಾನು, ಸಣ್ಣ ಸಾಕೆಟ್ ಸೇರಿ ಒಂದು ಸರ್ಕ್ಯೂಟಿಗೆ 10ಕ್ಕಿಂತ ಹೆಚ್ಚು ಇರಬಾರದು ಅನ್ನುವುದು ಸರ್ಕಾರಿ ಕೆಲಸಗಳಲ್ಲಿ ಪಾಲಿಸುವ ಮಿತಿ. ದೊಡ್ಡ ಸಾಕೆಟ್ ಪ್ರತಿಯೊಂದಕ್ಕೂ ಬೇರೆ ತಂತಿ ಎಳೆಯುವುದು ಒಳ್ಳೆಯದು. ಹೀಗೆ ನಮಗೆ ದೀಪದ ಸರ್ಕ್ಯೂಟು ಮೂರು ಬಂದವು. ಪಡಸಾಲೆ ಮತ್ತು ಕೋಣೆ ಒಂದು, ನಡುಮನೆ ಮತ್ತು ಅಡುಗೆ ಮನೆ ಒಂದು, ಬಚ್ಚಲು ಮತ್ತು ಕೊಟ್ಟಿಗೆ ಒಂದು. ದೊಡ್ಡ ಸಾಕೆಟ್ಟಿನವು ಮೂರು. ಒಟ್ಟು ಆರು ಸರ್ಕ್ಯೂಟು, ಆರು ಎಂಸಿಬಿ.

ಹಗ್ಗ ಹಿಡಿದು ಅಳತೆ

ತಂತಿ ಹಕ್ಕಿಯ ಹಾಗೆ ನೇರ ಹಾರುವುದಿಲ್ಲ. ಬೋರ್ಡಿನಿಂದ ಗೋಡೆಗುಂಟ ಮೇಲೇರಿ, ತೊಲೆಗುಂಟ ಹೋಗಿ, ದೀಪದ ಹತ್ತಿರ ಇಳಿಯುತ್ತದೆ. ಕೋಣೆಯ ಉದ್ದಗಲ ಮಾತ್ರ ಹಿಡಿದರೆ ಈ ಏರಿಳಿತ ತಪ್ಪಿಹೋಗುತ್ತದೆ. ಅದಕ್ಕೆ ಒಂದು ತೆಳು ಹಗ್ಗವನ್ನು ಪೈಪು ಹೋಗುವ ಹಾದಿಯಲ್ಲೇ ಹಿಡಿದುಕೊಂಡು ಹೋಗಿ, ಆಮೇಲೆ ಹಗ್ಗವನ್ನು ಟೇಪಿನ ಮೇಲೆ ಅಳೆಯುವುದು ಸುಲಭ. ಮೇಲಕ್ಕೆ ಒಬ್ಬರು, ಕೆಳಗೆ ಒಬ್ಬರು ಇದ್ದರೆ ಎರಡು ತಾಸಿನ ಕೆಲಸ. ಹಳೇ ತಂತಿಯಲ್ಲಿ ಕರೆಂಟು ಇರುವಾಗ ಅದರ ಮೇಲೆ ಹಗ್ಗ ಎಳೆಯಬೇಡಿ, ಮೇನ್ ಆಫ್ ಮಾಡಿಯೇ ಅಳೆಯಿರಿ.

ಮೊದಲು ಬೋರ್ಡಿನಿಂದ ದೀಪ, ಫ್ಯಾನುಗಳಿಗೆ. ಸಣ್ಣ ಸಾಕೆಟ್ಟು ಬೋರ್ಡಿನಲ್ಲೇ ಇರುವುದರಿಂದ ಅದಕ್ಕೆ ಪ್ರತ್ಯೇಕ ತಂತಿ ಇಲ್ಲ. ನಮ್ಮಲ್ಲಿ ಪಡಸಾಲೆ ಬೋರ್ಡಿನ ನಾಲ್ಕು ಪಾಯಿಂಟಿಗೆ ಸೇರಿ 22 ಮೀಟರು, ನಡುಮನೆಗೂ 22, ಕೋಣೆಗೆ 9, ಅಡುಗೆ ಮನೆಗೆ 5, ಬಚ್ಚಲಿಗೆ 9, ಕೊಟ್ಟಿಗೆಗೆ 11. ಒಟ್ಟು 78 ಮೀಟರು. ಈ ಹಾದಿಯಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಅಂತ ಮೂರು ತಂತಿ ಹೋಗಬೇಕು. ಆದ್ದರಿಂದ 78ರ ಮೂರರಷ್ಟು, ಅಂದರೆ 234 ಮೀಟರು. ಇದಕ್ಕೆ 1.5 ಚದರ ಮಿಲಿಮೀಟರಿನ ತಂತಿ, ಅಂಗಡಿಯಲ್ಲಿ 'ಒಂದೂವರೆ' ಅಂದರೆ ಕೊಡುತ್ತಾರೆ.

ಆಮೇಲೆ ಡಿ.ಬಿ.ಯಿಂದ ಬೋರ್ಡುಗಳಿಗೆ. ದೀಪದ ಮೊದಲನೇ ಸರ್ಕ್ಯೂಟಿನ ಹಾದಿ 11 ಮೀಟರು, ಎರಡನೆಯದು 16, ಹಿತ್ತಲಿಗೆ ಹೋಗುವ ಮೂರನೆಯದು 28. ಒಟ್ಟು 55 ಮೀಟರು, ಮೂರು ತಂತಿಗೆ 165 ಮೀಟರು. ಇದೂ ಒಂದೂವರೆಯೇ.

ದೊಡ್ಡ ಸಾಕೆಟ್ಟುಗಳಿಗೆ ಅಡುಗೆ ಮನೆಗೆ 16 ಮೀಟರು, ಬಚ್ಚಲಿಗೆ 20, ಕೊಟ್ಟಿಗೆಗೆ 28. ಒಟ್ಟು 64, ಮೂರು ತಂತಿಗೆ 192 ಮೀಟರು. ಇದಕ್ಕೆ 2.5, ಅಂದರೆ 'ಎರಡೂವರೆ' ತಂತಿ. ಅರ್ತ್ ತಂತಿಯೂ ಅದೇ ದಪ್ಪ ಇರಬೇಕು, ಅದನ್ನು ಸಣ್ಣದು ಮಾಡಬಾರದು.

ಈಗ ಕೂಡಿ ನೋಡಿ. ಪಾಯಿಂಟಿನ ತಂತಿ 234 ಮೀಟರು. ಡಿ.ಬಿ.ಯಿಂದ ಬೋರ್ಡಿಗೆ ಬಂದದ್ದು 165 ಮತ್ತು 192, ಅಂದರೆ 357 ಮೀಟರು. ಒಟ್ಟು 591ರಲ್ಲಿ ಇದೇ ನೂರಕ್ಕೆ 60. ಎರಡೂವರೆ ತಂತಿ ದುಬಾರಿಯಾದ್ದರಿಂದ ದುಡ್ಡಿನ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಪೇಟೆಯ ಚೌಕ ಮನೆಯಲ್ಲಿ ಡಿ.ಬಿ. ನಡುವೆ ಇರುತ್ತದೆ, ಅಲ್ಲಿ ಈ ಪಾಲು ಚಿಕ್ಕದು. ಪೇಟೆ ಮನೆಯ ಪಾಯಿಂಟ್ ದರವನ್ನು ನಮ್ಮ ಉದ್ದ ಮನೆಗೆ ತಂದಿಟ್ಟರೆ ಲೆಕ್ಕ ತಪ್ಪುವುದು ಇದಕ್ಕೇ.

ಅಂಗಡಿಯಲ್ಲಿ ಎಷ್ಟು ಕೊಳ್ಳಬೇಕು?

ಬೋರ್ಡಿನ ಒಳಗೆ ಬಿಡುವ ತುದಿ, ಕತ್ತರಿಸಿದ ತುಂಡು, ಇವಕ್ಕೆಂದು ನೂರಕ್ಕೆ ಹತ್ತು ಸೇರಿಸಿ. ಒಂದೂವರೆ 399 ಇದ್ದದ್ದು 439 ಆಯಿತು. ಎರಡೂವರೆ 192 ಇದ್ದದ್ದು 211 ಆಯಿತು.

ತಂತಿ 90 ಮೀಟರಿನ ಸುರುಳಿಯಲ್ಲಿ ಬರುತ್ತದೆ. 439ಕ್ಕೆ ಐದು ಸುರುಳಿ ಸಾಕು ಅನ್ನಿಸುತ್ತದೆ. ಆದರೆ ಬಣ್ಣ ಮೂರು ಬೇಕು: ಫೇಸಿಗೆ ಕೆಂಪು, ನ್ಯೂಟ್ರಲ್ಲಿಗೆ ಕಪ್ಪು, ಅರ್ತಿಗೆ ಹಸಿರು. ಒಂದೊಂದು ಬಣ್ಣಕ್ಕೆ 146 ಮೀಟರು ಬೇಕಾದ್ದರಿಂದ ಸುರುಳಿಯನ್ನೇ ಕೊಂಡರೆ ಆರು ಬೇಕಾಗುತ್ತವೆ. ಐದೇ ತಂದರೆ ಕೊನೆಗೆ ಒಂದು ಬಣ್ಣ ಮುಗಿದು, ಕೆಂಪು ತಂತಿಯೇ ಅರ್ತ್ ಆಗಿ ಕೂರುತ್ತದೆ. ಮುಂದೆ ರಿಪೇರಿಗೆ ಬಂದವನು ಅದನ್ನು ನಂಬಿ ಕೈ ಹಾಕಿದರೆ ಜೀವಕ್ಕೇ ಸಂಚಕಾರ. ನಾನು ಪ್ರತಿ ಬಣ್ಣದ್ದು ಒಂದು ಸುರುಳಿ ಮತ್ತು 60 ಮೀಟರು ಬಿಡಿ ಅಂತ ಪಟ್ಟಿ ಮಾಡಿದೆ, ಒಟ್ಟು 450 ಮೀಟರು. ಎರಡೂವರೆ ಪ್ರತಿ ಬಣ್ಣ 72 ಮೀಟರಿನಂತೆ 216. ಬಿಡಿ ತಂತಿಯನ್ನು ನಮ್ಮ ಮುಂದೆಯೇ ಸುರುಳಿ ಒಡೆದು ಅಳೆಸಿಕೊಳ್ಳಬೇಕು.

ತಂತಿಯ ಮೇಲೆ ಐ.ಎಸ್. 694 ಅಂತ ಮುದ್ರೆ, ಐ.ಎಸ್.ಐ. ಗುರುತು, ದಪ್ಪದ ಅಳತೆ ಇರಬೇಕು. ಮುದ್ರೆ ನಕಲಿ ಇರಬಹುದು, ತೂಕ ಸುಳ್ಳು ಹೇಳುವುದಿಲ್ಲ. 90 ಮೀಟರು ಒಂದೂವರೆ ತಂತಿಯಲ್ಲಿ ತಾಮ್ರವೇ ಸುಮಾರು 1 ಕಿಲೋ 200 ಗ್ರಾಂ ಇರಬೇಕು, ಎರಡೂವರೆಯಲ್ಲಿ 2 ಕಿಲೋ. ಮೇಲಿನ ಪ್ಲಾಸ್ಟಿಕ್ಕೂ ಸೇರಿ ಸುರುಳಿ ಇದಕ್ಕಿಂತ ಚೆನ್ನಾಗಿಯೇ ಹೆಚ್ಚು ತೂಗಬೇಕು. ತಕ್ಕಡಿಗಿಟ್ಟಾಗ ಬರೀ ತಾಮ್ರದ ತೂಕವೂ ಬರಲಿಲ್ಲವೆಂದರೆ ಒಂದೋ ಉದ್ದ ಕಮ್ಮಿ, ಇಲ್ಲವೋ ತಂತಿ ತೆಳು.

ಪೈಪಿನ ಲೆಕ್ಕ ಬೇರೆ

ತಂತಿಯ ಉದ್ದವೇ ಪೈಪಿನ ಉದ್ದ ಅಲ್ಲ. ಒಂದು ಪೈಪಿನಲ್ಲಿ ಹಲವು ತಂತಿ ಹೋಗುತ್ತವೆ. ಹಾಗಂತ ತುರುಕಲೂ ಬಾರದು. ತಿರುವು ಇರುವ 25 ಮಿ.ಮೀ. ಪೈಪಿನಲ್ಲಿ ಎರಡೂವರೆ ತಂತಿ ಆರು ಹೋದರೆ ಸರಿ. ಅದಕ್ಕಿಂತ ಹೆಚ್ಚಾದರೆ ಎಳೆಯುವಾಗಲೇ ಮೇಲಿನ ಪ್ಲಾಸ್ಟಿಕ್ ಸುಲಿಯುತ್ತದೆ, ಮುಂದೆ ಬಿಸಿಯೂ ಆಗುತ್ತದೆ. ನಾವು ಹಿಂದಕ್ಕೆ 25ರ ಎರಡು ಪೈಪು ಇಟ್ಟೆವು. ಅಡುಗೆ ಮನೆ, ಬಚ್ಚಲಿನ ದೊಡ್ಡ ಸಾಕೆಟ್ಟಿನ ತಂತಿ ಒಂದರಲ್ಲಿ, 20 ಮೀಟರು. ಕೊಟ್ಟಿಗೆಯ ಸಾಕೆಟ್ಟು ಮತ್ತು ಹಿತ್ತಲ ದೀಪದ್ದು ಇನ್ನೊಂದರಲ್ಲಿ, 28 ಮೀಟರು. ಒಟ್ಟು 48. ಉಳಿದ ಎರಡು ದೀಪದ ಸರ್ಕ್ಯೂಟಿಗೆ 20 ಮಿ.ಮೀ. ಪೈಪು 27 ಮೀಟರು. ಪಾಯಿಂಟುಗಳ ಹಾದಿ 78 ಇದ್ದರೂ ಬೋರ್ಡಿನಿಂದ ಮೇಲೇರುವಾಗ ಎರಡು ಮೂರು ಪಾಯಿಂಟಿನ ತಂತಿ ಒಟ್ಟಿಗೆ ಹೋಗುವುದರಿಂದ 60 ಮೀಟರು ಸಾಕು. ಪೈಪು 3 ಮೀಟರಿನ ತುಂಡು. ಹತ್ತರ ಸವಕಳಿ ಸೇರಿ 20ರ ಪೈಪು 32, 25ರ ಪೈಪು 18 ಬೇಕಾದವು.

ಮಣ್ಣಿನ ಗೋಡೆಯಲ್ಲಿ ಕಾಲುವೆ ಕೊರೆದು ಪೈಪು ಹುದುಗಿಸಬೇಡಿ. ಮಣ್ಣು ಉದುರಿ ಕೊರೆದದ್ದು ದೊಡ್ಡದಾಗುತ್ತದೆ, ಮುಚ್ಚಿದ ಸಿಮೆಂಟು ಹಿಡಿಯುವುದಿಲ್ಲ. ಪೈಪು ಗೋಡೆಯ ಮೇಲೆಯೇ ಇರಲಿ. ಸಾಧ್ಯವಾದಲ್ಲೆಲ್ಲ ತೊಲೆಯ ಮಗ್ಗುಲಿಗೆ ಹಾಕಿದರೆ ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ. ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ಗು ನಿಲ್ಲದ ಕಡೆ ಉದ್ದನೆಯ ಮರದ ಗೂಟ ಹೊಡೆಸಬೇಕು. ಈ ಗೂಟದ ಕೆಲಸಕ್ಕೆ ಹೊತ್ತು ಹಿಡಿಯುವುದರಿಂದ ಕೂಲಿ ಮಾತಾಡುವಾಗಲೇ ಹೇಳಿಬಿಡಿ. ಎರಡಡಿಗೊಂದು ಸ್ಯಾಡಲ್ ಕ್ಲಾಂಪು ಬೇಕು. 150 ಮೀಟರಿಗೆ ಸುಮಾರು 250 ಆಯಿತು. ಮಾಳಿಗೆ ಸೋರುವ ಜಾಗದ ಕೆಳಗೂ, ಬೆಳಕಿಂಡಿಯ ಕೆಳಗೂ ಜಂಕ್ಷನ್ ಬಾಕ್ಸು, ಡಿ.ಬಿ. ಬರದ ಹಾಗೆ ಹಾದಿ ಬದಲಿಸಿ. ಇದರಿಂದ ಒಂದೆರಡು ಮೀಟರು ಹೆಚ್ಚಾದರೆ ಆಗಲಿ.

ದುಡ್ಡಿನ ಲೆಕ್ಕ

ಕೆಳಗಿನ ದರಗಳು ನಾನು ಲೆಕ್ಕಕ್ಕೆ ಹಿಡಿದವು. ತಾಮ್ರದ ಬೆಲೆ ಏರಿದಂತೆ ತಂತಿ ಏರುತ್ತದೆ, ಕಂಪನಿಯಿಂದ ಕಂಪನಿಗೂ ವ್ಯತ್ಯಾಸ ಇದೆ. ಉದ್ದ, ಸಂಖ್ಯೆ ಹಾಗೇ ಇಟ್ಟುಕೊಂಡು ನಿಮ್ಮ ಅಂಗಡಿಯ ದರವನ್ನು ಅಲ್ಲಿ ಕೂರಿಸಿ.

ತಂತಿ: ಒಂದೂವರೆ 450 ಮೀಟರು, ಮೀಟರಿಗೆ 25ರಂತೆ 11,250 ರೂ. ಎರಡೂವರೆ 216 ಮೀಟರು, 40ರಂತೆ 8,640 ರೂ. ಕೂಡಿ 19,890.

ಪೈಪು: 20ರದು 60ರಂತೆ 1,920 ರೂ., 25ರದು 85ರಂತೆ 1,530 ರೂ. ಸ್ಯಾಡಲ್, ಬೆಂಡು, ಜಂಕ್ಷನ್ ಬಾಕ್ಸು, ಸ್ಕ್ರೂ ಎಲ್ಲಾ ಸೇರಿ 2,020 ರೂ. ಕೂಡಿ 5,470. ಈ ಚಿಲ್ಲರೆ ಸಾಮಾನನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೋಡಿ, ಪೈಪಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಇದೇ ಆಯಿತು.

ಸ್ವಿಚ್ಚು, ಸಾಕೆಟ್ಟು, ರೆಗ್ಯುಲೇಟರು, ಬೋರ್ಡು, ಹೋಲ್ಡರು: ಸಾದಾ ಮಾಲು ಹಿಡಿದು 4,095 ರೂ. ಇದರಲ್ಲಿ 6 ಆಂಪಿಯರಿನ ಸ್ವಿಚ್ಚು 21. ದೀಪಕ್ಕೊಂದು, ಫ್ಯಾನಿಗೊಂದು, ಸಣ್ಣ ಸಾಕೆಟ್ಟಿಗೂ ಒಂದೊಂದು. ನಯವಾದ ಮಾಡ್ಯುಲರ್ ಮಾಲು ಹಾಕಿದರೆ ಈ ಬಾಬ್ತು ದುಪ್ಪಟ್ಟೂ ಆದೀತು. ಹಣ ಕಮ್ಮಿ ಬಿದ್ದರೆ ಉಳಿಸಬೇಕಾದದ್ದು ಇಲ್ಲಿ, ತಂತಿಯಲ್ಲಲ್ಲ. ಸ್ವಿಚ್ಚನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಡಿ.ಬಿ. ಮತ್ತು ಅರ್ತಿಂಗ್: ಎಂಟು ಮನೆಯ ಡಿ.ಬಿ. ಬಾಕ್ಸು 1,100, ಆರ್‌ಸಿಸಿಬಿ 2,000, ಆರು ಎಂಸಿಬಿ 1,080, ಮೇನಿಗೆ 32 ಆಂಪಿಯರಿನ ಜೋಡಿ ಎಂಸಿಬಿ 650, ಮೀಟರಿನಿಂದ ಡಿ.ಬಿ.ಗೆ 6 ಚದರ ಮಿ.ಮೀ. ತಂತಿ 950, ಅರ್ತ್ ಗುಂಡಿಯ ಪೈಪು, ತಂತಿ, ಇದ್ದಿಲು, ಉಪ್ಪು ಎಲ್ಲಾ 2,500. ಕೂಡಿ 8,280 ರೂ. ಆರ್‌ಸಿಸಿಬಿ ಎರಡು ಮನೆ ಹಿಡಿಯುತ್ತದೆ, ಎಂಸಿಬಿ ಆರು. ಎಂಟಕ್ಕೆ ಎಂಟೂ ತುಂಬಿತು. ಮುಂದೆ ಕೋಣೆ ಹೆಚ್ಚಿಸುವ ವಿಚಾರ ಇದ್ದವರು ಹನ್ನೆರಡರದು ಹಾಕಿಸಲಿ.

ಸಾಮಾನು ಒಟ್ಟು 37,735 ರೂಪಾಯಿ.

ಕೂಲಿ: ದೀಪ, ಫ್ಯಾನು, ಸಣ್ಣ ಸಾಕೆಟ್ಟು 21ಕ್ಕೆ 220ರಂತೆ 4,620. ದೊಡ್ಡ ಸಾಕೆಟ್ 3ಕ್ಕೆ 450ರಂತೆ 1,350. ಸರ್ಕ್ಯೂಟಿನ ಪೈಪು 75 ಮೀಟರು, 25ರಂತೆ 1,875. ಡಿ.ಬಿ. ಕೂರಿಸಲು 1,500, ಅರ್ತ್ ಗುಂಡಿಗೆ 1,000, ಹಳೇ ಪಟ್ಟಿ, ತಂತಿ ಕೀಳಲು 1,200. ಒಟ್ಟು 11,545 ರೂ. ಅಂದರೆ ಇಡೀ ಖರ್ಚಿನಲ್ಲಿ ಕೂಲಿ ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಕೂಲಿಯಲ್ಲಿ ಚೌಕಾಸಿ ಮಾಡಿ ನೂರಿನ್ನೂರು ಇಳಿಸುವುದಕ್ಕಿಂತ ಸಾಮಾನಿನ ಪಟ್ಟಿ ಸರಿ ಮಾಡುವುದರಲ್ಲಿ ಉಳಿತಾಯ ಹೆಚ್ಚು.

ಎಲ್ಲಾ ಸೇರಿ 49,280 ರೂ. ಹಳೇ ಮನೆಯಲ್ಲಿ ಬಿಚ್ಚಿದ ಮೇಲೆ ಹೊರಬರುವ ಕೆಲಸಕ್ಕೆಂದು ನೂರಕ್ಕೆ ಹತ್ತು ಕೈಯಲ್ಲಿ ಇಟ್ಟುಕೊಂಡರೆ ಸುಮಾರು 54 ಸಾವಿರ.

ಕಮ್ಮಿ ಹೇಳಿದರೆ ಎಲ್ಲಿ ಕಮ್ಮಿ?

ಇದೇ ಮನೆಗೆ ಒಬ್ಬರು ಸಾಮಾನು ಸಮೇತ ಪಾಯಿಂಟಿಗೆ 1,500ರಂತೆ 36 ಸಾವಿರಕ್ಕೆ ಗುತ್ತಿಗೆ ಹೇಳಿದರು. ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ 13 ಸಾವಿರ ವ್ಯತ್ಯಾಸ. ಪಟ್ಟಿ ಮುಂದಿಟ್ಟು ಕೇಳಿದೆ.

'ಯಜಮಾನ್ರೆ, ದೀಪಕ್ಕೆ ಅರ್ತ್ ಯಾಕ್ರೀ? ಎರಡು ತಂತಿ ಸಾಕು. ಇಷ್ಟು ವರ್ಷ ಅರ್ತ್ ಎಲ್ಲಿತ್ರೀ ನಿಮ್ಮನ್ಯಾಗ?'

'ಮತ್ತೆ ಈ ಆರ್‌ಸಿಸಿಬಿ?'

'ಅದು ಹಳ್ಳಿಗೆ ಆಗಂಗಿಲ್ರಿ, ಮಳೆ ಬಂದ್ರೆ ಸಾಕು ಬಿದ್ದು ಬಿದ್ದು ತ್ರಾಸು ಕೊಡ್ತೈತಿ.'

ಅವರು ಮೋಸ ಮಾಡುವವರಲ್ಲ, ರೂಢಿಯಂತೆ ಹೇಳಿದರು. ಆದರೆ ಲೆಕ್ಕ ನೋಡಿ. ಹಸಿರು ತಂತಿ ಪೂರಾ ಬಿಟ್ಟರೆ ಆರೂವರೆ ಸಾವಿರ, ಅರ್ತ್ ಗುಂಡಿಯ ಸಾಮಾನು ಎರಡೂವರೆ ಸಾವಿರ, ಆರ್‌ಸಿಸಿಬಿ ಎರಡು ಸಾವಿರ. 13ರಲ್ಲಿ ಹನ್ನೊಂದು ಸಾವಿರ ಇಲ್ಲೇ ಸಿಕ್ಕಿತು. ಮಿಕ್ಕದ್ದು ಗೀಸರಿಗೂ ಯಂತ್ರಕ್ಕೂ ಎರಡೂವರೆ ಬದಲು ಒಂದೂವರೆ ತಂತಿ ಎಳೆಯುವುದರಲ್ಲಿ.

ನೆನೆದ ನೆಲದಲ್ಲಿ ಬರಿಗಾಲಲ್ಲಿ ನಿಲ್ಲುವವರು ನಾವು. ಗೀಸರು ಅಥವಾ ಮೇವಿನ ಯಂತ್ರದ ಲೋಹದ ಮೈಗೆ ಫೇಸ್ ತಾಗಿದರೆ, ಅರ್ತ್ ಇಲ್ಲದಾಗ ಆ ಕರೆಂಟಿಗೆ ದಾರಿ ನಮ್ಮ ಮೈ, ಇಲ್ಲವೇ ದನದ ಮೈ. ಎಂಸಿಬಿ ಅದನ್ನು ತಡೆಯುವುದಿಲ್ಲ. ಅದು 6 ಅಥವಾ 16 ಆಂಪಿಯರ್ ಮೀರಿದಾಗ ಬೀಳುವಂಥದ್ದು. ಮನುಷ್ಯನ ಜೀವ ತೆಗೆಯಲು ಅದರ ನೂರರಲ್ಲಿ ಒಂದೆರಡು ಪಾಲು ಸಾಕು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮಾತ್ರ ಅಷ್ಟು ಸಣ್ಣ ಸೋರಿಕೆಗೂ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಮಳೆಯಲ್ಲಿ ಅದು ಬಿದ್ದರೆ ದೋಷ ಅದರದಲ್ಲ, ಎಲ್ಲೋ ಸೋರುತ್ತಿದೆ ಅಂತ ಅದು ಹೇಳುತ್ತಿದೆ. ಒಂದೊಂದೇ ಎಂಸಿಬಿ ಇಳಿಸಿ ಆರ್‌ಸಿಸಿಬಿ ಮತ್ತೆ ಏರಿಸುತ್ತಾ ಬಂದರೆ ಬಹುತೇಕ ಸಲ ಯಾವ ಸಾಲಿನಲ್ಲಿ ಸೋರಿಕೆ ಅಂತ ಮನೆಯವರೇ ಹುಡುಕಬಹುದು. ಆದರೆ ಆರ್‌ಸಿಸಿಬಿಗೂ ಮಿತಿ ಇದೆ. ಒಂದೇ ಹೊತ್ತಿಗೆ ಫೇಸನ್ನೂ ನ್ಯೂಟ್ರಲ್ಲನ್ನೂ ಹಿಡಿದವರನ್ನು ಅದು ಕಾಯಲಾರದು. ಹೆಚ್ಚು ಲೋಡಿಗೂ ಬೀಳುವುದಿಲ್ಲ, ಅದಕ್ಕೇ ಎಂಸಿಬಿಯೂ ಬೇಕು.

ಹಣ ಕೊಡುವ ಮುಂಚೆ

ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆಯಿರಿ: ಪಾಯಿಂಟು ಎಷ್ಟು, ಸರ್ಕ್ಯೂಟು ಎಷ್ಟು, ಯಾವುದಕ್ಕೆ ಯಾವ ದಪ್ಪದ ತಂತಿ, ಹಳೆಯದನ್ನು ಕೀಳುವುದು ಸೇರಿದೆಯೋ ಇಲ್ಲವೋ. ನಮ್ಮಲ್ಲಿ ಸಾಮಾನು ನಾವು ತಂದು ಕೊಟ್ಟೆವು, ಕೂಲಿ ಮಾತ್ರ ಗುತ್ತಿಗೆ. ಕೂಲಿಯನ್ನು ಮೂರು ಕಂತು ಮಾಡಿದೆವು: ಪೈಪು ಮುಗಿದ ಮೇಲೆ ಒಂದು, ತಂತಿ ಎಳೆದ ಮೇಲೆ ಒಂದು, ಪರೀಕ್ಷೆ ಆದ ಮೇಲೆ ಕೊನೆಯದು.

ಪರೀಕ್ಷೆ ಅಂದರೆ ಬಲ್ಬು ಹತ್ತಿತೇ ಅಂತ ನೋಡುವುದಲ್ಲ. ಕರೆಂಟು ಕೊಡುವ ಮುಂಚೆ ಮೆಗ್ಗರ್ ಹಚ್ಚಿಸಿ. ತಂತಿಗೂ ಅರ್ತಿಗೂ ನಡುವೆ 1 ಮೆಗಾ ಓಮ್‌ಗಿಂತ ಕಮ್ಮಿ ತೋರಿಸಬಾರದು. ಹೊಸ ತಂತಿಯಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಬರಬೇಕು. ಕೊಟ್ಟ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ, ತಕ್ಷಣ ಬೀಳಬೇಕು. ಆಮೇಲೂ ತಿಂಗಳಿಗೊಮ್ಮೆ ಒತ್ತಿ ನೋಡುತ್ತಿರಿ. ಕೊನೆಯದಾಗಿ ಉಳಿದ ತಂತಿ ಅಳೆಯಿರಿ. ನಾವು ತಂದ 450ರಲ್ಲಿ ಹತ್ತಿಪ್ಪತ್ತು ಮೀಟರು ಉಳಿಯುವುದು ಸಹಜ. ನೂರು ಮೀಟರು ಉಳಿದರೆ ಸಂತೋಷ ಪಡಬೇಡಿ. ಯಾವ ಬಣ್ಣ ಉಳಿದಿದೆ ನೋಡಿ. ಹಸಿರು ಮಾತ್ರ ಉಳಿದಿದ್ದರೆ ಎಲ್ಲೋ ಅರ್ತ್ ಎಳೆದಿಲ್ಲ.

ಗೀಸರು, ಮೇವಿನ ಯಂತ್ರ ಹೊಸದಾಗಿ ಸೇರಿದರೆ ಮನೆಯ ಮಂಜೂರಾದ ಲೋಡು ಸಾಲದೇ ಹೋಗಬಹುದು. ಬಿಲ್ಲಿನಲ್ಲಿ ಅದು ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಹೆಚ್ಚಿಸಬೇಕಿದ್ದರೆ ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಡಬೇಕು. ಆ ಖರ್ಚು ಮೇಲಿನ ಲೆಕ್ಕದಲ್ಲಿ ಇಲ್ಲ. ಮೀಟರಿನ ಸೀಲು ಮತ್ತು ಅದಕ್ಕಿಂತ ಹಿಂದಿನ ತಂತಿ ಅವರದು, ಅದಕ್ಕೆ ನಾವಾಗಲಿ ವೈರ್‌ಮನ್ ಆಗಲಿ ಕೈ ಹಾಕುವಂತಿಲ್ಲ. ಲೈಸೆನ್ಸ್ ಇರುವವರಿಂದಲೇ ಕೆಲಸ ಮಾಡಿಸಿ, ಕೆಲಸ ಮುಗಿದ ವರದಿಗೆ ಅವರ ಸಹಿ ಪಡೆಯಿರಿ.

ಯಾವ ಪೈಪಿನಲ್ಲಿ ಯಾವ ಸಾಲು ಹೋಗಿದೆ ಅಂತ ಅಳತೆಯ ನಕ್ಷೆಯನ್ನು ಡಿ.ಬಿ. ಬಾಗಿಲ ಒಳಮೈಗೆ ಅಂಟಿಸಿಡಿ. ಮುಂದೆ ಒಂದು ಪಾಯಿಂಟು ಹೆಚ್ಚಿಸುವವರಿಗೆ ಎಲ್ಲಿಂದ ತೆಗೆದುಕೊಳ್ಳಬೇಕು, ಆ ಸಾಲಿನಲ್ಲಿ ಹತ್ತರೊಳಗೆ ಇನ್ನೆಷ್ಟು ಜಾಗ ಉಳಿದಿದೆ ಅಂತ ಗೋಡೆ ಕೆದಕದೆ ಗೊತ್ತಾಗುತ್ತದೆ.